ನಕಲಾದ ಹೊಗೆ, ದಾರಿ ತಪ್ಪಿದ ನೆರಳು: ತಿದ್ದಿದ ಫೋಟೊ ಪತ್ತೆ ಮಾಡುವುದು ಹೇಗೆ?

2008ರ ಜುಲೈ 9ರಂದು ಇರಾನ್ ಕ್ಷಿಪಣಿ ಪರೀಕ್ಷೆ ನಡೆಸಿತು. ಅಲ್ಲಿನ ರೆವಲ್ಯೂಷನರಿ ಗಾರ್ಡ್‌ನ ಸುದ್ದಿ ವಿಭಾಗವಾದ ಸೆಪಾ ನ್ಯೂಸ್ ಬಿಡುಗಡೆ ಮಾಡಿದ ಫೋಟೊದಲ್ಲಿ ಮರಳುಗಾಡಿನಿಂದ ನಾಲ್ಕು ಕ್ಷಿಪಣಿಗಳು ಒಟ್ಟಿಗೆ ಮೇಲೇಳುತ್ತಿದ್ದವು. ಎಎಫ್‌ಪಿ ಸುದ್ದಿಸಂಸ್ಥೆಯ ಮೂಲಕ ಅದು ಅಮೆರಿಕದ ದೊಡ್ಡ ಪತ್ರಿಕೆಗಳ ಮುಖಪುಟಕ್ಕೂ ಹೋಯಿತು. ಮರುದಿನ ಎಪಿ ಸುದ್ದಿಸಂಸ್ಥೆಗೆ ಅದೇ ಮೂಲದಿಂದ ಸಿಕ್ಕ ಇನ್ನೊಂದು ಪ್ರತಿಯಲ್ಲಿ ಆಕಾಶದಲ್ಲಿದ್ದದ್ದು ಮೂರೇ ಕ್ಷಿಪಣಿ. ತಿದ್ದಿದ ಫೋಟೊದಲ್ಲಿ ಬಲದಿಂದ ಎರಡನೆಯದಾಗಿ ಕಾಣುತ್ತಿದ್ದ ಕ್ಷಿಪಣಿ ಪಕ್ಕದವುಗಳಿಂದ ಹುಟ್ಟಿದ್ದು. ಅದರ ಬಾಲದ ಹೊಗೆ ಒಂದು ಕ್ಷಿಪಣಿಯದ್ದು, ನೆಲದಲ್ಲಿ ಎದ್ದ ದೂಳಿನ ಮೋಡ ಮತ್ತೊಂದರದ್ದು. ಎಎಫ್‌ಪಿ ಫೋಟೊವನ್ನು ಹಿಂಪಡೆಯಿತು.

ಈ ಫೋಟೊವನ್ನು ಹಿಡಿದುಕೊಟ್ಟದ್ದು ಹೊಗೆಯ ಸ್ವಭಾವ. ಹೊಗೆ, ದೂಳು, ಅಲೆ, ಮರದ ಎಲೆ, ಜನರ ಗುಂಪು ಇವೆಲ್ಲ ಸಹಜವಾಗಿ ಎರಡು ಸಲ ಒಂದೇ ರೂಪದಲ್ಲಿ ಬರುವುದಿಲ್ಲ. ತಿದ್ದುವವರಿಗೆ ಮಾತ್ರ ಇವೇ ಸುಲಭ ಎನಿಸುತ್ತವೆ. ಅಂಚು ಸ್ಪಷ್ಟವಿಲ್ಲದ ವಸ್ತುವಾದ್ದರಿಂದ ಒಂದು ತುಂಡು ಕತ್ತರಿಸಿ ಪಕ್ಕದಲ್ಲಿ ಅಂಟಿಸಿದರೂ ಮೇಲ್ನೋಟಕ್ಕೆ ಗೊತ್ತಾಗದು. ಹಾಗಾಗಿ ಸಮಾವೇಶದ ಜನಸಾಗರ, ಬೆಂಕಿಯ ಹೊಗೆ, ಪ್ರವಾಹದ ನೀರು ಇರುವ ಫೋಟೊ ಬಂದಾಗ ಮೊದಲು ಹುಡುಕಬೇಕಾದದ್ದು ನಕಲಾದ ತುಂಡನ್ನು. ಯಾವುದೋ ವ್ಯಕ್ತಿಯನ್ನೋ ಪ್ರಾಣಿಯನ್ನೋ ತಂದು ಕೂರಿಸಿದ್ದಾರೆಂಬ ಅನುಮಾನವಿದ್ದರೆ ಅಲ್ಲಿ ಈ ಉಪಾಯ ನಡೆಯದು, ಬೆಳಕು ಮತ್ತು ನೆರಳನ್ನು ನೋಡಬೇಕು. ಈ ಎರಡನ್ನೂ ಕ್ರಮವಾಗಿ ಮಾಡುವ ವಿಧಾನ ಇಲ್ಲಿದೆ. ಬೇಕಾದದ್ದು ಒಂದು ಕಂಪ್ಯೂಟರ್ ಮತ್ತು ಉಚಿತವಾಗಿ ಸಿಗುವ ಗಿಂಪ್ ಎಂಬ ತಂತ್ರಾಂಶ.

ಮೊದಲು ಒಳ್ಳೆಯ ಪ್ರತಿ

ವಾಟ್ಸ್ಆ್ಯಪ್ ಗುಂಪಿನಲ್ಲಿ ಹತ್ತು ಕೈ ದಾಟಿ ಬಂದ ಫೋಟೊವನ್ನು ನೇರವಾಗಿ ಪರೀಕ್ಷೆಗೆ ಕೂರಿಸಬೇಡಿ. ಸಾಮಾನ್ಯ ಫೋಟೊ ಆಗಿ ಕಳಿಸಿದಾಗ ಆ್ಯಪ್ ಅದನ್ನು ಚಿಕ್ಕದು ಮಾಡಿ, ಮತ್ತೆ ಕುಗ್ಗಿಸಿ ಕಳಿಸುತ್ತದೆ. ಜೆಪೆಗ್ ಮಾದರಿಯ ಕುಗ್ಗಿಸುವಿಕೆ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಪ್ರತಿ ಚೌಕದ ಸೂಕ್ಷ್ಮ ವಿವರವನ್ನು ಸವರಿಹಾಕುತ್ತದೆ. ನಮಗೆ ಬೇಕಾದದ್ದು ಆ ಸೂಕ್ಷ್ಮ ವಿವರವೇ. ಸ್ಕ್ರೀನ್‌ಶಾಟ್ ಆದರೆ ಇನ್ನೂ ಕಷ್ಟ, ಏಕೆಂದರೆ ಪರದೆಯ ಅಳತೆಗೆ ತಕ್ಕಂತೆ ಪಿಕ್ಸೆಲ್‌ಗಳು ಹಿಗ್ಗಿ ಕುಗ್ಗಿ ಕಲಸಿಹೋಗಿರುತ್ತವೆ.

ಫೋಟೊ ಕಳಿಸಿದವರು ಪರಿಚಿತರಾಗಿದ್ದರೆ ಅದನ್ನು ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಲು ಕೇಳಿ. ಹಾಗೆ ಕಳಿಸಿದರೆ ಫೈಲ್ ಅವರ ಬಳಿ ಇದ್ದ ಹಾಗೆಯೇ ಬರುತ್ತದೆ. ಅದು ಸಾಧ್ಯವಿಲ್ಲದಿದ್ದರೆ ಗೂಗಲ್ ಲೆನ್ಸ್ ಮತ್ತು ಟಿನ್ಐ ಎರಡರಲ್ಲೂ ಚಿತ್ರವನ್ನು ಹಾಕಿ ಹುಡುಕಿ. ಟಿನ್ಐನಲ್ಲಿ ಫಲಿತಾಂಶವನ್ನು ಹಳೆಯದರಿಂದಲೂ ಜೋಡಿಸಬಹುದು, ದೊಡ್ಡ ಅಳತೆಯದರಿಂದಲೂ ಜೋಡಿಸಬಹುದು. ಎರಡೂ ಪಟ್ಟಿಯನ್ನು ನೋಡಿ. ಹಳೆಯ ಪ್ರತಿಯಲ್ಲಿ ತಿದ್ದುವ ಮುಂಚಿನ ರೂಪವೇ ಸಿಕ್ಕಿಬಿಟ್ಟರೆ ಮುಂದಿನ ಕೆಲಸವೆಲ್ಲ ಉಳಿಯಿತು. ಇರಾನಿನ ಫೋಟೊದಲ್ಲಿ ವಾದಕ್ಕೆ ಜಾಗವಿಲ್ಲದಂತೆ ಮಾಡಿದ್ದು ಮೂರು ಕ್ಷಿಪಣಿಯ ಆ ಇನ್ನೊಂದು ಪ್ರತಿಯೇ.

ಸಿಕ್ಕ ಫೈಲನ್ನು ಒಂದು ಕಡೆ ಮುಟ್ಟದೆ ಇಟ್ಟು, ನಕಲಿನ ಮೇಲೆ ಕೆಲಸ ಮಾಡಿ. ನಡುವೆ ಉಳಿಸುವಾಗ ಪಿಎನ್‌ಜಿ ರೂಪದಲ್ಲಿ ಉಳಿಸಿ. ಪ್ರತಿ ಸಲ ಜೆಪೆಗ್ ಆಗಿ ಉಳಿಸಿದಾಗಲೂ ಸಾಕ್ಷ್ಯ ಒಂದಿಷ್ಟು ಸವೆಯುತ್ತದೆ.

ನಕಲಾದ ತುಂಡನ್ನು ಕಣ್ಣಿನಿಂದ ಹುಡುಕುವುದು

ಫೋಟೊವನ್ನು ಗಿಂಪ್‌ನಲ್ಲಿ ತೆರೆದು ಮೊದಲು ಪೂರ್ತಿ ನೋಡಿ, ನಂತರ 200 ಪ್ರತಿಶತಕ್ಕೆ ಹಿಗ್ಗಿಸಿ ಎಡ ಮೇಲ್ಮೂಲೆಯಿಂದ ಸಾಲು ಸಾಲಾಗಿ ನೋಡುತ್ತ ಬನ್ನಿ. ಒಮ್ಮೆ ನೋಡಿದ ಮೇಲೆ ಚಿತ್ರವನ್ನು ತಲೆಕೆಳಗು ಮಾಡಿ ಮತ್ತೆ ನೋಡಿ. ನೇರ ಇದ್ದಾಗ ನಮ್ಮ ಕಣ್ಣು "ಇದು ಹೊಗೆ, ಇದು ಜನ" ಎಂದು ಹೆಸರಿಟ್ಟು ಮುಂದೆ ಹೋಗಿಬಿಡುತ್ತದೆ. ತಲೆಕೆಳಗಾದಾಗ ಬರೀ ಆಕಾರಗಳು ಉಳಿಯುತ್ತವೆ, ಮರುಕಳಿಸಿದ ಆಕಾರ ಎದ್ದು ಕಾಣುತ್ತದೆ.

ಒಂದು ಆಕಾರ ಎರಡು ಕಡೆ ಕಂಡ ತಕ್ಷಣ ತೀರ್ಮಾನಕ್ಕೆ ಬರಬೇಡಿ. ಅದರ ಸುತ್ತ ಇನ್ನೆರಡು ವಿಚಿತ್ರ ಗುರುತುಗಳನ್ನು ಹುಡುಕಿ. ಹೊಗೆಯ ನಡುವೆ ಒಂದು ಕಪ್ಪು ಚುಕ್ಕೆ, ಅಂಚಿನಲ್ಲಿ ಕೊಕ್ಕೆಯಂತೆ ಬಾಗಿದ ಎಳೆ, ಒಂದು ಬಿಳಿ ಕಲೆ, ಇಂಥವು. ಮೌಸ್‌ನ ಬಾಣವನ್ನು ಒಂದೊಂದರ ಮೇಲೆ ಇಟ್ಟಾಗ ಗಿಂಪ್ ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ಆ ಜಾಗದ ಎರಡು ಅಂಕಿ ಕಾಣುತ್ತವೆ. ಮೊದಲನೆಯದು ಎಡದಿಂದ ಎಷ್ಟು ಪಿಕ್ಸೆಲ್, ಎರಡನೆಯದು ಮೇಲಿನಿಂದ ಎಷ್ಟು ಎಂದು. ಬರೆದುಕೊಳ್ಳಿ.

ಒಂದು ಲೆಕ್ಕ ಮಾಡಿ ನೋಡೋಣ. ಕಪ್ಪು ಚುಕ್ಕೆ 412, 530ರಲ್ಲಿದೆ, ಅದರಂಥದೇ ಇನ್ನೊಂದು 652, 518ರಲ್ಲಿದೆ. ಅಂದರೆ ಬಲಕ್ಕೆ 240, ಮೇಲಕ್ಕೆ 12 ಪಿಕ್ಸೆಲ್. ಈಗ ಕೊಕ್ಕೆಯ ಜೋಡಿಯನ್ನು ಅಳೆಯಿರಿ. ಅದೂ ಬಲಕ್ಕೆ 240, ಮೇಲಕ್ಕೆ 12 ಬಂದರೆ ಅನುಮಾನ ಗಟ್ಟಿಯಾಯಿತು. ಬಿಳಿ ಕಲೆಯದ್ದೂ ಅಷ್ಟೇ ಬಂದರೆ ಅದು ಆಕಸ್ಮಿಕವಾಗಿರುವುದು ಬಹಳ ಕಷ್ಟ. ಸಹಜ ಹೊಗೆಯಲ್ಲಿ ಒಂದು ಗುರುತು ಇನ್ನೊಂದನ್ನು ಹೋಲಬಹುದು. ಆದರೆ ಮೂರು ಗುರುತುಗಳು ಒಂದೇ ದಿಕ್ಕಿಗೆ, ಒಂದೇ ದೂರಕ್ಕೆ ಜರುಗಿ ನಿಲ್ಲಬೇಕಾದರೆ ಯಾರೋ ತುಂಡನ್ನು ಎತ್ತಿ ಅಲ್ಲಿಡಬೇಕು.

ಅನುಮಾನವನ್ನು ಖಚಿತಪಡಿಸುವುದು

ಈಗ ಆ ಅಂಕಿಯನ್ನು ಬಳಸಿ ಚಿತ್ರವನ್ನು ಅದರ ಮೇಲೇ ಜರುಗಿಸಿ ಹೊಂದಿಸಿ ನೋಡಬೇಕು. `Layer → Duplicate Layer` ಒತ್ತಿ ಮೇಲೊಂದು ಪದರ ಮಾಡಿಕೊಳ್ಳಿ. ಪದರಗಳ ಪಟ್ಟಿಯ ಮೇಲಿರುವ `Mode` ಅನ್ನು `Difference`ಗೆ ಬದಲಿಸಿ. ಇಡೀ ಚಿತ್ರ ಕಪ್ಪಾಗುತ್ತದೆ. ಎರಡೂ ಪದರ ಒಂದೇ ಆದ್ದರಿಂದ ವ್ಯತ್ಯಾಸ ಸೊನ್ನೆ. ಈಗ ಜರುಗಿಸುವ ಉಪಕರಣ ಆಯ್ದು, ಮೇಲಿನ ಪದರವನ್ನು ಬಲಕ್ಕೆ 240, ಮೇಲಕ್ಕೆ 12 ಪಿಕ್ಸೆಲ್ ಜರುಗಿಸಿ. ಕೊನೆಯ ಕೆಲವು ಪಿಕ್ಸೆಲ್‌ಗಳನ್ನು ಬಾಣದ ಕೀಲಿಗಳಿಂದಲೇ ಜರುಗಿಸುವುದು ಒಳ್ಳೆಯದು, ಒಂದು ಒತ್ತಿಗೆ ಒಂದು ಪಿಕ್ಸೆಲ್. ಚಿತ್ರದ ತುಂಬ ಗೆರೆಗಳ ಗೋಜಲು ಕಾಣುತ್ತದೆ. ಆದರೆ ನಕಲಾದ ತುಂಡಿನ ಜಾಗದಲ್ಲಿ ಮಾತ್ರ ಒಂದು ಕಪ್ಪು ತೇಪೆ ಉಳಿಯುತ್ತದೆ. ಒಂದು ಪಿಕ್ಸೆಲ್ ಆಚೀಚೆ ಮಾಡಿದರೆ ಅದು ಮಾಯವಾಗಿ, ಮತ್ತೆ ಹಿಂದಕ್ಕೆ ತಂದರೆ ಕಾಣಿಸಿಕೊಳ್ಳುತ್ತದೆ. ಈ ಮೂಡುವಿಕೆ ಮತ್ತು ಮಾಯವಾಗುವಿಕೆಯನ್ನು ಕಣ್ಣಾರೆ ನೋಡುವುದು ಮುಖ್ಯ.

ಆಜ್ಞೆ ಟೈಪ್ ಮಾಡಿ ಕೆಲಸ ಮಾಡುವ ಅಭ್ಯಾಸವಿರುವವರು ಇಮೇಜ್‌ಮ್ಯಾಜಿಕ್‌ನಲ್ಲಿ ಇದನ್ನೇ ಒಂದು ಸಾಲಿನಲ್ಲಿ ಮಾಡಬಹುದು. ಲಿನಕ್ಸ್ ಮತ್ತು ಮ್ಯಾಕ್‌ಗೆ ಹೀಗೆ:

```
magick photo.png \( +clone -roll +240-12 \) \
  -compose difference -composite -auto-level out.png
```

ತೇಪೆ ಅಚ್ಚ ಕಪ್ಪಾಗಿರಬೇಕೆಂದೇನಿಲ್ಲ. ಅಂಟಿಸಿದ ಮೇಲೆ ಫೈಲ್ ಮತ್ತೆ ಜೆಪೆಗ್ ಆಗಿ ಉಳಿದಿರುತ್ತದೆ. ಮೂಲ ತುಂಡೂ ನಕಲು ತುಂಡೂ ಆ 8×8 ಚೌಕಗಳಲ್ಲಿ ಬೇರೆ ಬೇರೆ ಕಡೆ ಕೂತಿದ್ದರೆ ಎರಡೂ ಸ್ವಲ್ಪ ಬೇರೆ ರೀತಿ ಸವೆಯುತ್ತವೆ. ಆಗ ತೇಪೆ ಕಡು ಬೂದು ಬಣ್ಣದಲ್ಲಿ, ಸಣ್ಣ ಕಾಳುಕಾಳಾಗಿ ಕಾಣುತ್ತದೆ. ಸುತ್ತಲಿನದಕ್ಕಿಂತ ಅದು ಸ್ಪಷ್ಟವಾಗಿ ಕಪ್ಪಗಿದ್ದರೆ ಸಾಕು. ತೇಪೆಯ ಅಂಚು ಹೇಗಿದೆ ಎಂಬುದನ್ನೂ ಗಮನಿಸಿ. ದುಂಡು ದುಂಡಾಗಿ, ಮೆತ್ತಗೆ ಕರಗಿದ ಅಂಚು ಇದ್ದರೆ ಕ್ಲೋನ್ ಬ್ರಷ್ ಆಡಿಸಿದ ಗುರುತು.

ಹೊಸಬರು ಎಡವುವುದು ನುಣುಪಾದ ಜಾಗಗಳಲ್ಲಿ. ಮೋಡವಿಲ್ಲದ ಆಕಾಶ, ಸುಣ್ಣ ಬಳಿದ ಗೋಡೆ, ಬೆಳಕು ಹೆಚ್ಚಾಗಿ ಪೂರ್ತಿ ಬೆಳ್ಳಗಾದ ಭಾಗ, ಕಗ್ಗತ್ತಲ ಮೂಲೆ, ಇವು ಎಷ್ಟು ಜರುಗಿಸಿದರೂ ಕಪ್ಪಾಗಿಯೇ ಇರುತ್ತವೆ. ಅಲ್ಲಿ ಕಳೆಯಲು ವಿವರವೇ ಇಲ್ಲ. ಅದನ್ನು ನೋಡಿ ನಕಲು ಎನ್ನಬಾರದು. ಜೊತೆಗೆ ನಿಜವಾಗಿಯೇ ಮರುಕಳಿಸುವ ವಸ್ತುಗಳಿವೆ: ಹೆಂಚಿನ ಮಾಡು, ಅಪಾರ್ಟ್‌ಮೆಂಟಿನ ಕಿಟಕಿ ಸಾಲು, ಒಂದೇ ಸಮವಸ್ತ್ರದ ಮಕ್ಕಳು. ಇವು ಮೇಲ್ನೋಟಕ್ಕೆ ನಕಲಿನಂತೆ ಕಂಡರೂ ಒಂದರ ಮೇಲೊಂದು ಇಟ್ಟಾಗ ಕಪ್ಪಾಗುವುದಿಲ್ಲ. ಕ್ಯಾಮೆರಾದಿಂದ ಅವುಗಳ ದೂರ, ಓರೆ ಬೇರೆ ಬೇರೆ. ಕ್ಯಾಮೆರಾದ ಸೆನ್ಸರ್ ಪ್ರತಿ ಪಿಕ್ಸೆಲ್‌ಗೂ ಬೆರೆಸುವ ಕಾಳುಕಾಳಾದ ಗದ್ದಲವೂ ಎರಡು ಕಡೆ ಒಂದೇ ಇರದು. ವಿವರ ತುಂಬಿದ ಜಾಗದಲ್ಲಿ ಮೂಡಿದ ಕಪ್ಪು ತೇಪೆಗೆ ಮಾತ್ರ ಬೆಲೆ ಕೊಡಿ.

ತಿದ್ದುವವರು ಹೀಲಿಂಗ್ ಬ್ರಷ್ ಬಳಸಿದ್ದರೆ ಗೆರೆ, ಕಾಳು ಮಾತ್ರ ನಕಲಾಗಿ, ಬಣ್ಣ ಮತ್ತು ಹೊಳಪು ಸುತ್ತಲಿನದಕ್ಕೆ ಹೊಂದಿಕೊಂಡಿರುತ್ತವೆ. ಆಗ ವ್ಯತ್ಯಾಸ ತೆಗೆದರೂ ತೇಪೆ ಕಾಣದು. ಇದಕ್ಕೆ ಪರಿಹಾರವಿದೆ: ಪದರದ ನಕಲು ಮಾಡುವ ಮುಂಚೆ `Filters → Enhance → High Pass` ಹಾಕಿ. ಅದು ನಿಧಾನವಾಗಿ ಬದಲಾಗುವ ಹೊಳಪನ್ನು ತೆಗೆದುಹಾಕಿ ಗೆರೆಗಳನ್ನಷ್ಟೇ ಉಳಿಸುತ್ತದೆ. ಆಮೇಲೆ ಜರುಗಿಸಿ ನೋಡಿದರೆ ಅಡಗಿದ್ದ ತೇಪೆ ಮೇಲೆ ಬರುತ್ತದೆ. ತುಂಡನ್ನು ಕನ್ನಡಿಯಂತೆ ತಿರುಗಿಸಿ ಅಂಟಿಸಿದ್ದಾರೆನಿಸಿದರೆ ಮೇಲಿನ ಪದರವನ್ನೂ ಅಡ್ಡಡ್ಡ ತಿರುಗಿಸಿ ಹೊಂದಿಸಿ. ಓರೆ ಮಾಡಿ, ಹಿಗ್ಗಿಸಿ ಅಂಟಿಸಿದ್ದರೆ ಕೈಯಿಂದ ಈ ಹೊಂದಾಣಿಕೆ ಬಹಳ ತಾಳ್ಮೆ ಬೇಡುತ್ತದೆ, ಸಿಗದೆಯೂ ಹೋಗಬಹುದು.

ನಕಲು ಇನ್ನೊಂದು ರೂಪದಲ್ಲೂ ಬರುತ್ತದೆ. 2003ರಲ್ಲಿ ಇರಾಕ್ ಯುದ್ಧದ ವೇಳೆ ಲಾಸ್ ಏಂಜಲಿಸ್ ಟೈಮ್ಸ್‌ನ ಛಾಯಾಗ್ರಾಹಕರೊಬ್ಬರು ಬಸ್ರಾ ಬಳಿ ಕ್ಷಣಗಳ ಅಂತರದಲ್ಲಿ ತೆಗೆದ ಎರಡು ಫೋಟೊಗಳನ್ನು ಒಂದಾಗಿ ಬೆಸೆದರು. ಒಂದರಲ್ಲಿ ಸೈನಿಕನ ಭಂಗಿ ಚೆನ್ನಾಗಿತ್ತು, ಇನ್ನೊಂದರಲ್ಲಿ ಮಗುವನ್ನೆತ್ತಿಕೊಂಡ ನಾಗರಿಕ ಚೆನ್ನಾಗಿ ಬಂದಿದ್ದ. ಹಿನ್ನೆಲೆಯಲ್ಲಿ ಕೂತಿದ್ದ ಕೆಲವರು ಒಂದೇ ಫೋಟೊದಲ್ಲಿ ಎರಡೆರಡು ಸಲ ಕಾಣಿಸಿಕೊಂಡದ್ದರಿಂದ ಸಿಕ್ಕಿಬಿದ್ದರು, ಕೆಲಸವೂ ಹೋಯಿತು. ಇಂಥ ಕಡೆ ವ್ಯತ್ಯಾಸ ಪೂರ್ತಿ ಕಪ್ಪಾಗುವುದಿಲ್ಲ, ಏಕೆಂದರೆ ಎರಡು ಸಲ ಕಂಡ ವ್ಯಕ್ತಿ ಒಬ್ಬನೇ ಆದರೂ ಕ್ಷಣ ಬೇರೆ. ಬಟ್ಟೆ, ಕೂತ ಜಾಗ, ಪಕ್ಕದವರು, ಎಲ್ಲವನ್ನೂ ಹೋಲಿಸಿ ನೋಡಬೇಕು. ಹಾಗೆಂದು ಮೊಬೈಲಿನ ಪನೋರಮ ಫೋಟೊವನ್ನು ಕಂಡು ಮೋಸ ಎನ್ನಬೇಡಿ. ಕ್ಯಾಮೆರಾ ತಿರುಗುವಾಗ ನಡೆದುಹೋದ ಮನುಷ್ಯ ಅದರಲ್ಲಿ ತಾನಾಗಿಯೇ ಎರಡು ಸಲ ಬರುತ್ತಾನೆ.

ನೆರಳಿನ ಗೆರೆ ಎಳೆಯುವುದು

ಈಗ ಅಂಟಿಸಿದ ವಸ್ತುವಿನ ವಿಷಯ. ನಮ್ಮ ಕಡೆ ಪದೇ ಪದೇ ಓಡಾಡುವ ಬಗೆಯದ್ದೇ ಒಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ: ಊರ ಹೊರಗಿನ ತೋಟದ ದಾರಿ, ಒಂದು ಬದಿಗೆ ಬೇಲಿಯ ಕಲ್ಲುಕಂಬಗಳು, ನಡುವೆ ಒಂದು ಚಿರತೆ. "ನಿನ್ನೆ ಸಂಜೆ ಕಂಡಿದ್ದು, ಮಕ್ಕಳನ್ನು ಹೊರಗೆ ಬಿಡಬೇಡಿ" ಎಂಬ ಸಾಲು ಜೊತೆಗೆ.

ನೆರಳುಗಳೆಲ್ಲ ಒಂದಕ್ಕೊಂದು ಸಮಾನಾಂತರ ಇವೆಯೇ ಎಂದು ನೋಡುವವರೇ ಹೆಚ್ಚು. ಅದು ತಪ್ಪು ಪರೀಕ್ಷೆ. ನೆಲದ ಮೇಲೆ ಸಮಾನಾಂತರವಾಗಿರುವ ರೈಲು ಹಳಿಗಳು ಫೋಟೊದಲ್ಲಿ ದೂರ ಹೋದಂತೆ ಕೂಡಿಕೊಳ್ಳುತ್ತವಲ್ಲ, ನೆರಳುಗಳೂ ಹಾಗೆಯೇ. ನೆಲ ಏರುತಗ್ಗಾಗಿದ್ದರೆ ನೆರಳಿನ ದಿಕ್ಕು ಇನ್ನೂ ಬದಲಾಗುತ್ತದೆ. ಈ ತಪ್ಪು ಪರೀಕ್ಷೆಯಿಂದ ಸಾಚಾ ಫೋಟೊಗಳನ್ನು ನಕಲಿ ಎಂದವರು ಬಹಳ ಮಂದಿ.

ಸರಿಯಾದ ಪರೀಕ್ಷೆ ಹೀಗೆ. ವಸ್ತುವಿನ ಒಂದು ತುದಿ, ಆ ತುದಿಯ ನೆರಳು, ಬೆಳಕಿನ ಮೂಲ, ಈ ಮೂರೂ ಒಂದೇ ಸರಳರೇಖೆಯಲ್ಲಿರುತ್ತವೆ. ನೇರ ಗೆರೆ ಫೋಟೊದಲ್ಲೂ ನೇರವಾಗಿಯೇ ಇರುತ್ತದೆ. ಆದ್ದರಿಂದ ನೆರಳಿನ ತುದಿಯಿಂದ ವಸ್ತುವಿನ ತುದಿಗೆ ಗೆರೆ ಎಳೆದು ಮುಂದುವರಿಸಿದರೆ, ಒಂದೇ ಸೂರ್ಯನ ಬೆಳಕಿನಲ್ಲಿರುವ ಎಲ್ಲ ವಸ್ತುಗಳ ಗೆರೆಗಳೂ ಒಂದೇ ಬಿಂದುವಿನಲ್ಲಿ ಕೂಡಬೇಕು. ನೆಲ ಸಮತಟ್ಟಿರಲಿ, ಗುಂಡಿಯಿರಲಿ, ನೆರಳು ಗೋಡೆ ಹತ್ತಿರಲಿ, ಇದು ಬದಲಾಗದು. ಈ ಪರೀಕ್ಷೆಗೆ ಬಲ ಬಂದಿರುವುದೇ ಇದರಿಂದ.

ಕೂಡುವ ಬಿಂದು ಸಾಮಾನ್ಯವಾಗಿ ಚಿತ್ರದ ಹೊರಗೆ ಬೀಳುತ್ತದೆ. ಹಾಗಾಗಿ ಪವರ್‌ಪಾಯಿಂಟ್ ಅಥವಾ ಲಿಬ್ರೆಆಫೀಸ್ ಇಂಪ್ರೆಸ್‌ನಲ್ಲಿ ಖಾಲಿ ಸ್ಲೈಡ್ ತೆರೆದು, ಫೋಟೊವನ್ನು ಚಿಕ್ಕದು ಮಾಡಿ ನಡುವೆ ಇಡಿ, ಸುತ್ತ ಜಾಗ ಬಿಡಿ. ಉದ್ದನೆಯ ತೆಳು ಗೆರೆ ಎಳೆದು ಎರಡೂ ತುದಿಬಿಂದುಗಳ ಮೇಲೆ ಹಾಯುವಂತೆ ಕೂರಿಸಿ. ಚಿಕ್ಕದು ಮಾಡುವಾಗ ಉದ್ದ ಅಗಲದ ಪ್ರಮಾಣ ಕೆಡದಿರಲಿ. ಮೊದಲ ಮೂರು ಗೆರೆಗಳನ್ನು ಅನುಮಾನವೇ ಇಲ್ಲದ ವಸ್ತುಗಳಿಂದ ಎಳೆಯಬೇಕು. ನಮ್ಮ ಉದಾಹರಣೆಯಲ್ಲಿ ಅವು ಕಲ್ಲುಕಂಬಗಳು. ಕಂಬದ ತುದಿ ಯಾವುದು, ಅದರ ನೆರಳು ಯಾವುದು ಎಂಬುದರಲ್ಲಿ ಗೊಂದಲವಿಲ್ಲ. ಮರದ ಕೊಂಬೆಯಂಥ ಗೋಜಲನ್ನು ಆರಿಸಿಕೊಂಡರೆ ಜೋಡಿ ತಪ್ಪಿ, ಇಡೀ ಪರೀಕ್ಷೆ ಹಾಳಾಗುತ್ತದೆ.

ಚಿತ್ರದ ಅಳತೆ 1600×1200 ಎಂದಿಟ್ಟುಕೊಳ್ಳಿ. ಮೊದಲ ಕಂಬದ ತುದಿ 500, 600ರಲ್ಲಿದೆ, ನೆರಳಿನ ತುದಿ 540, 900ರಲ್ಲಿ. ಗೆರೆ ಮುಂದುವರಿಸಿದರೆ ಚಿತ್ರದ ಮೇಲಂಚಿನಿಂದ 900 ಪಿಕ್ಸೆಲ್ ಎತ್ತರದಲ್ಲಿ, ಎಡದಿಂದ 300ರಲ್ಲಿ ಹಾಯುತ್ತದೆ. ಎರಡನೆಯ, ಮೂರನೆಯ ಕಂಬದ ಗೆರೆಗಳೂ ಅಲ್ಲಿಗೇ ಬಂದು ಕೂಡಿದವು. ಅಂದರೆ ಸೂರ್ಯ ಕ್ಯಾಮೆರಾದ ಎದುರು, ಚಿತ್ರದ ಎಡಭಾಗದ ಮೇಲೆ ಇದ್ದಾನೆ. ಈಗ ಚಿರತೆ. ಕಿವಿಯ ತುದಿ 800, 760ರಲ್ಲಿ, ನೆಲದ ಮೇಲೆ ಆ ಕಿವಿಯ ನೆರಳು 700, 930ರಲ್ಲಿ. ಈ ಗೆರೆಯನ್ನು ಅದೇ ಎತ್ತರಕ್ಕೆ ಒಯ್ದರೆ ಅದು ಎಡದಿಂದ ಸುಮಾರು 1776ರಲ್ಲಿ ಹಾಯುತ್ತದೆ, ಕೂಡುಬಿಂದುವಿನಿಂದ ಸುಮಾರು 1500 ಪಿಕ್ಸೆಲ್ ದೂರ. ಕೈತಪ್ಪಿನಿಂದ ಇಷ್ಟು ಅಂತರ ಬರುವುದಿಲ್ಲ. ತುದಿಬಿಂದುವನ್ನು ನಾಲ್ಕೈದು ಪಿಕ್ಸೆಲ್ ಆಚೀಚೆ ಮಾಡಿ ಮತ್ತೆ ಎಳೆದು ನೋಡಿ. ಗೆರೆ ಹತ್ತಿರವೂ ಸುಳಿಯದಿದ್ದರೆ ಆ ಚಿರತೆ ಬೇರೆ ಬೆಳಕಿನಲ್ಲಿ ನಿಂತಿದ್ದದ್ದು.

ಸೂರ್ಯ ಛಾಯಾಗ್ರಾಹಕರ ಬೆನ್ನ ಹಿಂದಿದ್ದರೆ ಗೆರೆಗಳು ಮೇಲೆ ಅಗಲವಾಗುತ್ತ ಹೋಗುತ್ತವೆ. ಗಾಬರಿಯಾಗಬೇಡಿ, ಅವುಗಳನ್ನು ಕೆಳಕ್ಕೆ ಮುಂದುವರಿಸಿ. ಸೂರ್ಯನಿಗೆ ನೇರ ವಿರುದ್ಧ ದಿಕ್ಕಿನ ಬಿಂದುವಿನಲ್ಲಿ ಅವು ಕೂಡುತ್ತವೆ. ಕ್ಯಾಮೆರಾದ ನೆರಳು ಬೀಳುವ ಜಾಗವೂ ಅದೇ. ಸೂರ್ಯ ಸರಿಯಾಗಿ ಪಕ್ಕದಲ್ಲಿದ್ದರೆ ಮಾತ್ರ ಗೆರೆಗಳು ಸಮಾನಾಂತರವಾಗುತ್ತವೆ.

ಈ ಪರೀಕ್ಷೆ ನಡೆಯದ ಕಡೆಗಳೂ ಇವೆ. ಮದುವೆ ಮಂಟಪದಲ್ಲಿ, ರಾತ್ರಿಯ ಬೀದಿಯಲ್ಲಿ ದೀಪಗಳು ಹಲವು. ಒಂದು ದೀಪದ ನೆರಳನ್ನು ಇನ್ನೊಂದರದ್ದರ ಜೊತೆ ಹೋಲಿಸುವಂತಿಲ್ಲ. ಮೋಡ ಮುಸುಕಿದ ದಿನ ನೆರಳಿಗೆ ತುದಿಯೇ ಇರದು. ಮೊಬೈಲಿನ 0.5 ಎಂಬ ಅಗಲ ಲೆನ್ಸಿನಲ್ಲಿ ತೆಗೆದ ಚಿತ್ರದ ಅಂಚಿನಲ್ಲಿ ನೇರ ಗೆರೆಯೇ ಬಾಗಿರಬಹುದು. ಬೇಲಿ ಕಂಬ, ಗೋಡೆಯ ಅಂಚು ನೇರವಾಗಿದೆಯೇ ಎಂದು ಮೊದಲು ನೋಡಿಕೊಳ್ಳಿ.

ಮೋಡದ ದಿನವಾದರೆ ಪಾದದ ಬುಡವನ್ನು 400 ಪ್ರತಿಶತಕ್ಕೆ ಹಿಗ್ಗಿಸಿ ನೋಡಿ. ಎಷ್ಟೇ ಮೋಡವಿದ್ದರೂ ಪಾದ ನೆಲಕ್ಕೆ ತಾಗುವ ಕಡೆ ಒಂದು ಕಿರಿದಾದ ಕಪ್ಪು ಗೆರೆ ಇರುತ್ತದೆ, ಅಲ್ಲಿಗೆ ಬೆಳಕು ಯಾವ ಕಡೆಯಿಂದಲೂ ನುಗ್ಗಲಾರದು. ಅಂಟಿಸಿದ ಪ್ರಾಣಿಗೆ ಸಾಮಾನ್ಯವಾಗಿ ಮಸುಕಾದ ಒಂದು ಬೂದು ಮೋಡವನ್ನು ಕೆಳಗೆ ಹರಡಿರುತ್ತಾರೆ, ಬುಡದ ಕಪ್ಪು ಮರೆತಿರುತ್ತಾರೆ. ಹುಲ್ಲಿದ್ದರೆ ಪಾದದ ಮುಂದೆ ಎಸಳುಗಳು ಅಡ್ಡ ಬರಬೇಕು. ಪಾದ ಹುಲ್ಲಿನ ಮೇಲೆ ತೇಲುತ್ತಿದ್ದರೆ ಅದೂ ಒಂದು ಸುಳಿವು.

ಅಳಿಸಿದ ವಸ್ತು

ವಸ್ತುವನ್ನು ಸೇರಿಸುವ ಬದಲು ತೆಗೆದುಹಾಕಿದ್ದರೆ, ವಸ್ತುವಿಲ್ಲದ ನೆರಳನ್ನೂ ಪ್ರತಿಬಿಂಬವನ್ನೂ ಹುಡುಕಿ. ಮನುಷ್ಯನನ್ನು ಅಳಿಸಿದವರು ಕಾರಿನ ಬಾಗಿಲಿನಲ್ಲಿ, ನೀರಿನಲ್ಲಿ, ಕಿಟಕಿಯ ಗಾಜಿನಲ್ಲಿ ಅವನನ್ನು ಉಳಿಸಿರುತ್ತಾರೆ. ಹಿಂದಿನ ಗೆರೆಗಳನ್ನು ಬೆರಳಿಟ್ಟು ಹಿಂಬಾಲಿಸಿ: ಗ್ರಾನೈಟ್ ನೆಲದ ಜೋಡಣೆ, ವಿದ್ಯುತ್ ತಂತಿ, ಗೋಡೆಯ ಬಣ್ಣದ ಪಟ್ಟಿ. ಅಳಿಸಿದ ಜಾಗದಲ್ಲಿ ಇವು ಮುರಿಯುತ್ತವೆ, ಇಲ್ಲವೇ ಒಂದಿಷ್ಟು ಜರುಗಿ ಮುಂದುವರಿಯುತ್ತವೆ. ಈಗಿನ ಮೊಬೈಲುಗಳ ಮ್ಯಾಜಿಕ್ ಎರೇಸರ್‌ನಂಥ ಸವಲತ್ತು ಪಕ್ಕದ ತುಂಡನ್ನು ಹಾಗೇ ನಕಲಿಸದೆ ಹೊಸದಾಗಿ ಚಿತ್ರಿಸುತ್ತದೆ. ಅಲ್ಲಿ ಕಪ್ಪು ತೇಪೆಯ ಪರೀಕ್ಷೆಗೆ ಏನೂ ಸಿಗದು, ಗೆರೆ ಮತ್ತು ನೆರಳೇ ಗತಿ. ನಕಲಾದ ತುಂಡು ಸಿಗಲಿಲ್ಲ ಎಂದರೆ ಫೋಟೊ ಸಾಚಾ ಎಂದು ಅರ್ಥವಲ್ಲ.

ಬಣ್ಣಬಣ್ಣದ ಹೊಳಪಿನಲ್ಲಿ ತಿದ್ದಿದ ಭಾಗವನ್ನು ತೋರಿಸುತ್ತೇವೆ ಎನ್ನುವ ಎರರ್ ಲೆವೆಲ್ ಅನಾಲಿಸಿಸ್ ಎಂಬ ಜಾಲತಾಣ ಪರೀಕ್ಷೆಯನ್ನು ಹಲವರು ಮೊದಲೇ ಓಡಿಸುತ್ತಾರೆ. ಹಾಗೆ ಮಾಡಬೇಡಿ ಎಂದೇ ನಮ್ಮ ಸಲಹೆ. ಅದು ಚಿತ್ರವನ್ನು ಮತ್ತೊಮ್ಮೆ ಜೆಪೆಗ್ ಮಾಡಿ, ಎಲ್ಲಿ ಎಷ್ಟು ಬದಲಾಯಿತು ಎಂದು ತೋರಿಸುತ್ತದೆ, ಅಷ್ಟೇ. ಚೂಪಾದ ಅಂಚು, ಅಕ್ಷರ, ಹೊಳೆಯುವ ಬಟ್ಟೆ ತಿದ್ದದಿದ್ದರೂ ಬೆಳಗುತ್ತವೆ. ಪದೇ ಪದೇ ಫಾರ್ವರ್ಡ್ ಆದ ಫೋಟೊದಲ್ಲಿ ತಿದ್ದಿದ್ದೂ ಮಂಕಾಗಿಬಿಡುತ್ತದೆ.

ಸಿಕ್ಕಿದ್ದನ್ನು ಬರೆದಿಡುವಾಗ ಸಿಕ್ಕಷ್ಟೇ ಬರೆಯಿರಿ. "ಫೋಟೊ ನಕಲಿ" ಎಂದು ಬರೆಯುವ ಬದಲು ಹೀಗೆ: "ಬಲಭಾಗದ ಹೊಗೆಯ ತುಂಡು ಅದರ ಎಡಕ್ಕಿರುವ ತುಂಡಿನ ನಕಲು. ಬಲಕ್ಕೆ 240, ಮೇಲಕ್ಕೆ 12 ಪಿಕ್ಸೆಲ್. ಮೂರು ಗುರುತುಗಳು ಹೊಂದಿವೆ, ವ್ಯತ್ಯಾಸ ಚಿತ್ರ ಜೊತೆಗಿದೆ. ಪರೀಕ್ಷಿಸಿದ ಪ್ರತಿ ಇಂಥ ಕಡೆಯಿಂದ, ಇಂಥ ದಿನ ಪಡೆದದ್ದು." 2006ರ ಆಗಸ್ಟ್‌ನಲ್ಲಿ ಬೈರುತ್ ಮೇಲಿನ ದಾಳಿಯ ಫೋಟೊವೊಂದರಲ್ಲಿ ಹೊಗೆಯನ್ನು ಕ್ಲೋನ್ ಮಾಡಿ ಹೆಚ್ಚಿಸಿದ್ದು ಬಯಲಾದಾಗ ರಾಯಿಟರ್ಸ್ ಆ ಸ್ವತಂತ್ರ ಛಾಯಾಗ್ರಾಹಕರ 920 ಫೋಟೊಗಳನ್ನೂ ತನ್ನ ಸಂಗ್ರಹದಿಂದ ತೆಗೆದುಹಾಕಿತು. ಆದರೆ ಬೈರುತ್‌ನಲ್ಲಿ ಅಂದು ದಾಳಿಯೂ ನಡೆದಿತ್ತು, ಹೊಗೆಯೂ ಎದ್ದಿತ್ತು. ತಿದ್ದಿದ್ದು ಹೊಗೆಯ ಪ್ರಮಾಣವನ್ನು.